ಅಪ್ಪ-ಅಮ್ಮನ ಮದ್ವೆ ದಿನಕ್ಕೆ ಕಾರ್ಡ್ ಸಾಲಲ್ಲ, ಕಾಗ್ದ ಬರೀಬೇಕು

ನಾನಿರೋ ಇಂಗ್ಲೆಂಡಲ್ಲಿ ಮದ್ವೆ ದಿನ ಅಂದ್ರೆ ಕಾರ್ಡು. 25ಕ್ಕೆ ಬೆಳ್ಳಿ, 50ಕ್ಕೆ ಚಿನ್ನ, 60ಕ್ಕೆ ವಜ್ರ ಅಂತ ಅಂಗಡೀಲಿ ಬೇರೆ ಬೇರೆ ಇರುತ್ತೆ, ಅರವತ್ತು ತುಂಬಿದ ಜೋಡಿಗೆ ಮನೆಯವರು ಅರ್ಜಿ ಹಾಕಿದ್ರೆ ರಾಜರ ಕಡೆಯಿಂದಾನೂ ಕಾರ್ಡ್ ಬರುತ್ತೆ. ತಾರೀಕು ಮರೀದೆ ಕಳ್ಸೋ ಇವರ ಶಿಸ್ತು ನಂಗೆ ನಿಜವಾಗ್ಲೂ ಇಷ್ಟ. ಆದ್ರೆ ಒಳಗಡೆ ಪದ್ಯ ಮೊದ್ಲೇ ಅಚ್ಚಾಗಿರುತ್ತೆ, ಕೆಳಗೆ ಹೆಸ್ರು ಬರೆದ್ರೆ ಮುಗೀತು. ಶಿಡ್ಲಘಟ್ಟದ ಪಕ್ಕದ ಹಳ್ಳೀಲಿರೋ ನಮ್ಮಪ್ಪ-ಅಮ್ಮಂಗೆ ಅದು ಸಾಲಲ್ಲ.

ಮೊದ್ಲು ದಿನಾನೇ ಬೇರೆ. ಅವರ ಮದ್ವೆ ಆಗಿದ್ದು ಅಕ್ಷಯ ತದಿಗೆ ದಿನ, ಅವರಿಗೆ ಆ ತಿಥೀನೇ ಲೆಕ್ಕ, ಲಗ್ನಪತ್ರಿಕೇಲಿರೋ ತಾರೀಕು ಅಮ್ಮಂಗೆ ನೆನಪೂ ಇಲ್ಲ. ತದಿಗೆ 2024ರಲ್ಲಿ ಮೇ 10ಕ್ಕೆ ಬಂತು, 2025ರಲ್ಲಿ ಏಪ್ರಿಲ್ 30ಕ್ಕೆ. ಚಾಂದ್ರಮಾನ ವರ್ಷ ಸುಮಾರು ಹನ್ನೊಂದು ದಿನ ಕಮ್ಮಿ, ಹಂಗಾಗಿ ಹಿಂದಕ್ಕೆ ಸರೀತಾ ಹೋಗಿ ಅಧಿಕ ಮಾಸ ಕಳೆದ್ಮೇಲೆ ಮತ್ತೆ ಮುಂದಕ್ಕೆ ಬರುತ್ತೆ. ಅದಕ್ಕೆ ಯುಗಾದಿಗೆ ಪಂಚಾಂಗ ನೋಡ್ಬಿಟ್ಟು ಆಗ್ಲೇ ಪೋಸ್ಟ್ ಮಾಡ್ಬೇಕು, ತದಿಗೆಗೆ ಇನ್ನೂ ಒಂದು ತಿಂಗಳು ಇರುತ್ತಲ್ಲ, ಆರಾಮಾಗಿ ತಲುಪುತ್ತೆ.

ಇನ್ನು ಬರೆಯೋ ರೀತಿ. ಇಲ್ಲಿ ಮಕ್ಕಳು ಅಪ್ಪ-ಅಮ್ಮಂಗೆ ನೂರು ವರ್ಷ ಚೆನ್ನಾಗಿರಿ ಅಂತ ಹಾರೈಸ್ತಾರೆ. ನಮ್ಮಲ್ಲಿ ದೊಡ್ಡವರನ್ನ ಚಿಕ್ಕವರು ಹರಸೋದಿಲ್ಲ, "ತೀರ್ಥರೂಪು ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ಸಾಷ್ಟಾಂಗ ನಮಸ್ಕಾರಗಳು" ಅಂತ ಶುರು ಮಾಡಿ ನಾವೇ ಆಶೀರ್ವಾದ ಕೇಳ್ತೀವಿ. ನನಗೆ ಇದೇ ಸರಿ ಅನ್ಸುತ್ತೆ.

ನೀವಿಬ್ರೂ ಆದರ್ಶ ದಂಪತಿ ಅಂತೆಲ್ಲ ಬರೆದ್ರೆ ನಮ್ಮಪ್ಪಂಗೆ ಮುಜುಗರ ಆಗುತ್ತೆ, ಕಣ್ಣಾರೆ ಕಂಡಿದ್ದನ್ನ ಬರೆದ್ರೆ ಓದ್ತಾರೆ. ನಮ್ದು ರೇಷ್ಮೆ ಬೆಳೆಯೋ ಮನೆ. ಹುಳು ಪೊರೆ ಬಿಡೋಕೆ ಮೇವು ಬಿಟ್ಟು ಮಲಗೋದಕ್ಕೆ ಜ್ವರ ಅಂತೀವಿ, ಗೂಡು ಕಟ್ಟೋಕೆ ತಯಾರಾದ್ರೆ ಹಣ್ಣಾಯ್ತು ಅಂತೀವಿ, ಗೂಡು ಕಟ್ಟೋಕೆ ಬಿಡೋ ತಟ್ಟೇನೇ ಚಂದ್ರಿಕೆ. ಹೋದ್ ಸಲ ಹಿಂಗೆ ಬರೆದೆ:

"ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ಮೇಲೆ ಸೊಪ್ಪು ಎಷ್ಟು ಹಾಕಿದ್ರೂ ಸಾಲ್ತಿರ್ಲಿಲ್ಲ, ಆ ಒಂದು ವಾರ ಮನೇಲಿ ಯಾರಿಗೂ ಸರಿಯಾಗಿ ನಿದ್ದೆ ಇರ್ತಿರ್ಲಿಲ್ಲ. ರಾತ್ರಿ ಸೊಪ್ಪು ಅಪ್ಪ ಹಾಕ್ತಿದ್ರು, ಬೆಳಗಿನ ಜಾವದ್ದು ಅಮ್ಮ. ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡುವಾಗ ಮಾತ್ರ ಇಬ್ರೂ ಒಟ್ಟಿಗೆ ಕೂತ್ಕೊಳ್ತಿದ್ರಿ. ಗೂಡಿಗೆ ರೇಟು ಬಿದ್ದ ದಿನ ಅಪ್ಪ ಮಾರ್ಕೆಟ್ಟಿಂದ ಬಂದು ಮಾತಾಡ್ತಿರ್ಲಿಲ್ಲ, ಅಮ್ಮ ಏನೂ ಕೇಳ್ದೆ ಊಟಕ್ಕಿಟ್ಟು, ಮುಂದಿನ ಬೆಳೆಗೆ ಮೊಟ್ಟೆ ಯಾವಾಗ ತರ್ತೀರ ಅಂತ ಕೇಳ್ತಿದ್ರು. ನಾನೂ ನನ್ನ ಹೆಂಡ್ತೀನೂ ಶಿಫ್ಟ್ ಹಂಚ್ಕೊಂಡು ಮಗು ನೋಡ್ಕೊಳ್ಳೋದು ಕಲ್ತಿದ್ದು ನಿಮ್ಮನ್ನ ನೋಡಿನೇ."

ಕೊನೆಗೆ ಹೆಂಡ್ತಿ, ಮಗು ಹೆಸರೂ ಸೇರ್ಸಿ ಆಶೀರ್ವಾದ ಬೇಡಿ ಮುಗಿಸ್ದೆ. ತದಿಗೆ ದಿನ ಇಬ್ರೂ ನಂದಿ ಭೋಗನಂದೀಶ್ವರನ ಗುಡಿಗೆ ಹೋಗ್ಬಂದು ಫೋನ್ ಮಾಡಿದ್ರು. ಅಪ್ಪ ಕಾಗ್ದದ ಬಗ್ಗೆ ಹೇಳಿದ್ದು ಇಷ್ಟೇ, "ಬೆಳಗಿನ ಜಾವ ನಾನೂ ಎದ್ದೇಳ್ತಿದ್ದೆ ಕಣಪ್ಪ, ಅದನ್ನ ಬರ್ದೇ ಇಲ್ವಲ್ಲ ನೀನು." ಅಮ್ಮ ಹಿಂದಿನಿಂದ, "ಎಲ್ಲಿ ಎದ್ದಿದ್ರಿ, ಅವನು ಸರಿಯಾಗೇ ಬರ್ದವ್ನೆ" ಅಂದ್ರು.