ಗೆಳೆಯನಿಗೊಂದು ಹಾಡು ಬರೆಯುವಾಗ

ಡೊಂಬಿವಲಿಯಲ್ಲಿ ನಮ್ಮ ಗೆಳೆಯನಿಗೆ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಾಗ "ನೀವೇ ನಾಲ್ಕು ಸಾಲು ಪದ್ಯ ಬರೀರಿ, ಇಪ್ಪತ್ತು ವರ್ಷ ಒಟ್ಟಿಗೆ ಲೋಕಲ್‌ನಲ್ಲಿ ಹೋದವರು" ಎಂದರು. ಜೀವಮಾನದಲ್ಲಿ ಒಂದು ಸಾಲು ಪದ್ಯ ಬರೆದವನಲ್ಲ ನಾನು. ಆದರೂ ಬರೆದೆ. ಹೇಗೆ ಬರೆದೆ ಎನ್ನುವುದನ್ನು ಇಲ್ಲಿ ಹೇಳುತ್ತೇನೆ. ನಮ್ಮಂಥ ವಯಸ್ಸಿನವರಿಗೆ ಇಂಥ ಕರೆ ಇನ್ನು ಮೇಲೆ ಬರುತ್ತಲೇ ಇರುತ್ತದೆ.

ಸಭೆಗಳಲ್ಲಿ ಓದುವ ಪದ್ಯಗಳಲ್ಲಿ "ಬಾರದ ಲೋಕಕ್ಕೆ ತೆರಳಿದೆಯಾ", "ಕಣ್ಣೀರ ಕಡಲು", "ನೀ ಅಮರ" ಇವು ತಪ್ಪದೆ ಬರುತ್ತವೆ. ಬರೆದವರ ದುಃಖ ನಿಜ, ನನಗೆ ಅನುಮಾನವಿಲ್ಲ. ಆದರೆ ಆ ಸಾಲುಗಳಲ್ಲಿ ಹೆಸರು ಬದಲಿಸಿ ಯಾರಿಗೆ ಬೇಕಾದರೂ ಓದಬಹುದು. ಅವನೊಬ್ಬನಿಗೇ ಸಲ್ಲುವ ಪದ್ಯವಾಗಬೇಕಾದರೆ ನಮ್ಮ ಸಂಕಟವನ್ನು ಬದಿಗಿಟ್ಟು, ಅವನು ದಿನಾ ಮಾಡುತ್ತಿದ್ದ ಒಂದು ಕೆಲಸ ಹಿಡಿಯಬೇಕು. ಒಳ್ಳೆಯವನು, ಉಪಕಾರಿ ಎಂಬ ಗುಣವಾಚಕ ಬೇಡ. ನನ್ನ ಗೆಳೆಯ ಕಲ್ಯಾಣದಲ್ಲಿ ಹತ್ತಿ, ಕಿಟಕಿ ಪಕ್ಕದ ಸೀಟಿಗೆ ಚೀಲ ಇಟ್ಟು, ಡೊಂಬಿವಲಿಯಲ್ಲಿ ನಾನು ಹತ್ತುವವರೆಗೆ ಆ ಜಾಗ ಕಾಯುತ್ತಿದ್ದ. ಬೆಳಗಿನ ಆ ನೂಕುನುಗ್ಗಲಿನಲ್ಲಿ ಜಾಗ ಕಾಯುವುದೆಂದರೆ ಎಷ್ಟು ಜನರ ಬೈಗುಳ ತಿನ್ನಬೇಕು ಎನ್ನುವುದು ಮುಂಬಯಿಯವರಿಗೆ ಗೊತ್ತು. ಪದ್ಯಕ್ಕೆ ಇದೊಂದೇ ಸಾಕು ಅನ್ನಿಸಿತು.

ಇನ್ನು ಲಯ. ಹೊಸಬರು ಛಂದಸ್ಸಿನ ಪುಸ್ತಕ ತೆರೆಯುವುದಕ್ಕಿಂತ ಕಿವಿಯಲ್ಲಿ ಮೊದಲೇ ಕೂತಿರುವ ಧಾಟಿಯೊಂದನ್ನು ಹಿಡಿಯುವುದು ಮೇಲು. ಗೋವಿನ ಹಾಡು ಯಾರಿಗೆ ಬರುವುದಿಲ್ಲ? "ಧರಣಿ ಮಂಡಲ" ಎನ್ನುವಾಗ ಮೊದಲು 3 ಮಾತ್ರೆ, ಆಮೇಲೆ 4. ಹ್ರಸ್ವಾಕ್ಷರಕ್ಕೆ 1 ಮಾತ್ರೆ. ದೀರ್ಘಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ 2. ಆರಂಭಕ್ಕೆ ಇಷ್ಟು ಲೆಕ್ಕ ಸಾಕು. ಆ 3-4ರ ನಡಿಗೆಯಲ್ಲಿ ಶೋಕ ತಾನಾಗಿ ಇದೆ.

ನನಗೆ ಮೊದಲು ಬಂದ ಸಾಲು "ಎಂಟು ನಲವತ್ತರ ಲೋಕಲು". ಮಾತಿನಲ್ಲಿ ಸರಿಯಾಗಿದೆ, ಆದರೆ ತೊಡೆಯ ಮೇಲೆ ತಾಳ ಹಾಕಿ ಹೇಳಿದರೆ ನಡುವೆ ಮುಗ್ಗರಿಸುತ್ತದೆ. ಬಿಡಿಸಿ ನೋಡಿ: ಎಂಟು 3, ನಲವತ್ 4, ಆಮೇಲೆ "ತರ" ಬರೀ 2. ಒಂದು ಮಾತ್ರೆ ಕಡಿಮೆ. "ನಲವತ್ತರದ" ಎಂದರೆ "ತರದ" 3 ಆಯಿತು, "ಲೋಕಲು" 4. ಸಾಲು ನಡೆಯಿತು. ಎಲ್ಲಿ ತಪ್ಪಿದೆ ಎನ್ನುವುದನ್ನು ಕಣ್ಣಿಗಿಂತ ಮೊದಲು ಕೈ ಹೇಳುತ್ತದೆ. ಪೂರ್ತಿ ಪದ್ಯ ಇದು:

ಎಂಟು ನಲವತ್ತರದ ಲೋಕಲು
ಎಂದಿನಂತೆಯೆ ಬಂದಿದೆ
ಕಿಟಕಿ ಬಳಿಯಲಿ ಜಾಗ ಹಿಡಿಯುವ
ನಿನ್ನ ಚೀಲವೆ ಇಲ್ಲದೆ

ಬಾರೊ ಮಾರಾಯೆನುವ ದನಿಯೇ
ಇರದ ಬೋಗಿಗೆ ಬಂದೆನು
ಸೀಟು ಸಿಕ್ಕಿತು, ಕೂರಲಾರದೆ
ಠಾಣೆವರೆಗೂ ನಿಂತೆನು

ಎರಡನೆಯ, ನಾಲ್ಕನೆಯ ಸಾಲು ಬೇಕೆಂದೇ ಗಿಡ್ಡ. 3, 4, 3 ಆದಮೇಲೆ ಕೊನೆಯ ಅಕ್ಷರವೊಂದನ್ನು ಎಳೆದು ನಿಲ್ಲಿಸುವುದು. ಓದುವವನಿಗೆ ಉಸಿರು ತೆಗೆದುಕೊಳ್ಳಲು ಅಲ್ಲಿ ಜಾಗ ಸಿಗುತ್ತದೆ. ಪ್ರಾಸ ಆ ಎರಡು ಸಾಲಿನ ಕೊನೆಗೆ ಮಾತ್ರ ಇಟ್ಟೆ. ಸಾಲುಗಳ ಎರಡನೆಯ ಅಕ್ಷರ ಒಂದೇ ಆಗಿರಬೇಕೆನ್ನುವ ಆದಿಪ್ರಾಸವನ್ನು ನಾಲ್ಕೂ ಸಾಲಿಗೆ ಹುಡುಕುತ್ತ ಹೋದರೆ ಹೊಸಬರ ಕೈಯಲ್ಲಿ ಸತ್ಯ ಜಾರುತ್ತದೆ. "ಎಂಟು"ವಿಗೆ "ನಂಟು" ಬರುತ್ತದೆ, "ನಂಟು" ಬಂದರೆ "ಜನ್ಮಜನ್ಮದ ನಂಟು" ಹಿಂದೆಯೇ ಬರುತ್ತದೆ, ಗೆಳೆಯ ಮಾಯವಾಗುತ್ತಾನೆ.

ಸೀಟು ಸಿಕ್ಕಿದ್ದೂ ನಿಜ. ಅವನು ತೀರಿಕೊಂಡ ವಾರ ನಮ್ಮ ಡಬ್ಬಿಯ ಮರಾಠಿ ಗೆಳೆಯರು ಆ ಜಾಗವನ್ನು ನನಗೇ ಬಿಟ್ಟುಕೊಟ್ಟರು. ಮೂರನೆಯ ಪದ್ಯವೊಂದು ಸೇರಿಸಿ, ಆತ್ಮಕ್ಕೆ ಶಾಂತಿ ಸಿಗಲಿ ಎಂದು ಮುಗಿಸಬೇಕೆಂದು ಒಬ್ಬರು ಹಿರಿಯರು ಹೇಳಿದರು. ನಾನು ಒಪ್ಪಲಿಲ್ಲ. ಶಾಂತಿಯ ಮಾತು ಸಭೆಯಲ್ಲಿ ಎಲ್ಲರೂ ಆಡುತ್ತಾರೆ, ಆಡಲಿ. ಪದ್ಯದಲ್ಲಿ ಅದು ಬಂದರೆ ಅಷ್ಟು ಹೊತ್ತು ನಿಂತುಕೊಂಡೇ ಬಂದದ್ದಕ್ಕೆ ಸಮಾಧಾನ ಹೇಳಿದಂತಾಗುತ್ತದೆ. ನನಗೆ ಸಮಾಧಾನ ಆಗಿರಲಿಲ್ಲ.

ಓದುವ ಮುಂಚೆ ಅತ್ತಿಗೆಗೆ, ಅಂದರೆ ಗೆಳೆಯನ ಹೆಂಡತಿಗೆ, ತೋರಿಸಿದೆ. ಇದು ಎಲ್ಲರೂ ಮಾಡಲೇಬೇಕಾದ್ದು. ನಮಗೆ ಪ್ರೀತಿಯ ನೆನಪಾದದ್ದು ಮನೆಯವರಿಗೆ ಸಭೆಯಲ್ಲಿ ಕೇಳಲಾಗದ್ದಾಗಿರಬಹುದು. ಕಾಯಿಲೆ, ಆಸ್ಪತ್ರೆ, ಸಾಲದ ವಿಚಾರವಂತೂ ಅವರನ್ನು ಕೇಳದೆ ಬರೆಯಕೂಡದು. ಅವರು ಎರಡು ಸಲ ಓದಿ "ಮಾರಾಯ ಅನ್ನೋದು ತೆಗೀಬೇಡಿ" ಎಂದರು.

ನೆನಪಿನ ಕಾರ್ಡಿಗೆ ಹಾಕಿಸುವುದಾದರೆ ಪ್ರಿಂಟ್ ಮಾಡುವವರಿಗೆ ಮೊದಲೇ ಹೇಳಿಡಿ: ಜಾಗ ಉಳಿಸಲು ಎರಡು ಸಾಲನ್ನು ಒಂದು ಮಾಡಿಬಿಡುತ್ತಾರೆ, ಆಗ ಓದುವವರು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವುದಿಲ್ಲ.