ಮಂಡ್ಯದ ಚೀಟಿ ಮತ್ತು ಆರ್‌ಡಿ: ಸತ್ಯಾಂಶ

"ಬೀದಿ ಚೀಟಿ ಹಾಕಿ, ಬ್ಯಾಂಕ್ ಆರ್‌ಡಿಗಿಂತ ದುಪ್ಪಟ್ಟು ಲಾಭ, ದುಡ್ಡು ಮುಳುಗೋದೇ ಇಲ್ಲ!" ಎಂಬ ಮಾತು ನಿಜವೇ?

ಲೆಕ್ಕ ಹಾಕೋಣ. 20 ಜನ, 20 ತಿಂಗಳು, ತಿಂಗಳಿಗೆ 5,000: ಒಂದು ಲಕ್ಷದ ಚೀಟಿ. ಪ್ರತಿ ತಿಂಗಳು ಚೀಟಿ ಎತ್ತುವವರು ಕೂಗಿನಲ್ಲಿ ಬಿಟ್ಟುಕೊಟ್ಟ ಹಣದಲ್ಲಿ ಚೀಟಿ ನಡೆಸುವವರ ಕಮಿಷನ್ 5,000 ಕಳೆದು, ಕೂಗಿಲ್ಲದ ಕೊನೆಯ ತಿಂಗಳು ಬಿಟ್ಟು 19 ತಿಂಗಳು ತಲೆಗೆ ತಿಂಗಳಿಗೆ ಸರಾಸರಿ 600 ಹಂಚಿಕೆಯಾಯಿತು ಎನ್ನಿ. ಕೊನೆಯವರೆಗೆ ಕಾದವರು ಕಟ್ಟಿದ್ದು 88,600, ಕೈಗೆ ಬಂದದ್ದು 95,000. ಲಾಭ 6,400. ಅಷ್ಟೇ ಹಣವನ್ನು ಶೇ. 6.5ರ ಆರ್‌ಡಿಗೆ ಕಟ್ಟಿದ್ದರೆ ಬಡ್ಡಿ ಸುಮಾರು 5,100. ದುಪ್ಪಟ್ಟು ಎಲ್ಲಿ?

ಆ ಹೆಚ್ಚಿನ 1,300ಕ್ಕೆ ಹೊರುವ ಅಪಾಯ ನೋಡಿ. ಮೊದಲೇ ಚೀಟಿ ಎತ್ತಿದ ಇಬ್ಬರು ಕಟ್ಟುವುದು ನಿಲ್ಲಿಸಿದರೆ ತಿಂಗಳಿಗೆ ಸುಮಾರು 9,000 ಕೊರತೆ, ಪೆಟ್ಟು ಕೊನೆಯವರಿಗೇ. ಬ್ಯಾಂಕ್ ಠೇವಣಿಗಾದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ.

ಸೇರುವ ಮುನ್ನ ಚೀಟಿ ನಡೆಸುವವರನ್ನು ಮೂರು ಕಾಗದ ಕೇಳಿ: 1982ರ ಚಿಟ್ ಫಂಡ್ ಕಾಯ್ದೆಯಡಿ ಈ ಗುಂಪಿಗೇ ಸಿಕ್ಕ ಅನುಮತಿ, ನಿಬಂಧಕರಲ್ಲಿಟ್ಟ ಭದ್ರತಾ ಠೇವಣಿಯ ರಸೀದಿ, ನಿಮ್ಮ ಸಹಿಯ ಒಪ್ಪಂದದ ಪ್ರತಿ. ಕಂಪನಿ ನೋಂದಣಿ ಪತ್ರ ತೋರಿಸಿದರೆ ಸಾಲದು. ಅನುಮತಿ ಸಂಖ್ಯೆಯನ್ನು ಚಿಟ್ ನಿಬಂಧಕರ ಕಚೇರಿಯಲ್ಲೇ ತಾಳೆ ನೋಡಿ. "ನಮ್ಮೂರವರೇ, ಕಾಗದ ಯಾಕೆ?" ಎಂದರೆ ಆ ಚೀಟಿ ಬೇಡ.