ಚಿಕ್ಕಮ್ಮನ ಹಪ್ಪಳದ ಪೇಜು ಎಂಟು ತಿಂಗಳು ಯಾಕೆ ಮಲಗಿತ್ತು

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಚಿಕ್ಕಮ್ಮನ ಮನೆ. ಹಲಸಿನ ಹಪ್ಪಳ, ಸೋಂಟೆ, ಬಾಳ್ಕ ಮೆಣಸು, ಮಾಂಬಳ ಮಾಡಿ ಮಾರುತ್ತಾರೆ. ಅವರ ಇನ್‌ಸ್ಟಾಗ್ರಾಂ ಪೇಜು ಕಳೆದ ಜೂನ್‌ನಿಂದ ಈ ಫೆಬ್ರವರಿಯವರೆಗೆ ಸುಮ್ಮನೆ ಬಿದ್ದಿತ್ತು. 640 ಜನ ಫಾಲೋವರ್ಸ್ ಇದ್ದರು, ಹೊಸ ಪೋಸ್ಟ್ ಮಾತ್ರ ಬರುತ್ತಿರಲಿಲ್ಲ. ಅದನ್ನು ಮತ್ತೆ ಎಬ್ಬಿಸುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಕಡೆ ಹೀಗೆ ನಿಂತುಹೋದ ಪೇಜುಗಳು ತುಂಬ ಇವೆ. ಹಾಗಾಗಿ ಮಾಡಿದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಪೇಜು ಯಾಕೆ ನಿಂತಿತು ಅಂತ ಮನೆಯಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ. ಪೋಸ್ಟ್ ಹಾಕುತ್ತಿದ್ದದ್ದು ಚಿಕ್ಕಮ್ಮನ ಮಗಳು. ಮೇ ತಿಂಗಳಲ್ಲಿ ಅವಳಿಗೆ ಮದುವೆಯಾಯಿತು, ಜೂನ್‌ನಲ್ಲಿ ದೋಹಾಕ್ಕೆ ಹೋದಳು. ಅಲ್ಲಿಗೆ ಪೇಜೂ ನಿಂತಿತು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಕೂತು ನೋಡಿದಾಗ ಕಾರಣ ಬೇರೆಯೇ ಇತ್ತು.

ಮೊದಲು ನೋಡಿದ್ದು ಬೀಗದ ಕೈ ಯಾರ ಹತ್ತಿರ ಇದೆ ಅಂತ. ಪೇಜಿಗೆ ಲಾಗಿನ್ ಆಗುವ ನಂಬರೂ, ಬಯೋದಲ್ಲಿ ಆರ್ಡರ್‌ಗೆ ಅಂತ ಕೊಟ್ಟಿದ್ದ ನಂಬರೂ ಒಂದೇ, ಮಗಳ ಹಳೆಯ ಸಿಮ್. ರೀಚಾರ್ಜ್ ಮಾಡದೆ ಅದು ರದ್ದಾಗಿತ್ತು. ನಮ್ಮ ದೇಶದಲ್ಲಿ ರದ್ದಾದ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ನಾನು ಫೋನ್ ಮಾಡಿದಾಗ ಎತ್ತಿದವರು ಯಾರೋ ಅಪರಿಚಿತರು. ಪಾಪ, "ಹಪ್ಪಳ ಉಂಟಾ ಅಂತ ಸುಮಾರು ಜನ ಕೇಳಿದ್ದಾರೆ" ಅಂದರು. ಲಾಗಿನ್ ಕೋಡ್ ಕೂಡ ಅವರ ಫೋನಿಗೇ ಹೋಗುವ ಹಾಗಿತ್ತು ನೋಡಿ. ಪುಣ್ಯಕ್ಕೆ ಮಗಳ ಹಳೆಯ ಫೋನಿನಲ್ಲಿ ಪೇಜು ಇನ್ನೂ ಲಾಗಿನ್ ಆಗಿಯೇ ಇತ್ತು. ಅದೇ ದಿನ ಇಮೇಲ್, ನಂಬರ್ ಎರಡನ್ನೂ ಚಿಕ್ಕಮ್ಮನ ಹೆಸರಿಗೆ ಬದಲಾಯಿಸಿದೆವು. ಎರಡು ಹಂತದ ಲಾಗಿನ್ ಹಾಕಿ, ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ರೇಷನ್ ಕಾರ್ಡಿನ ಜೊತೆ ಇಟ್ಟೆವು.

ಆಮೇಲೆ ಮೆಸೇಜುಗಳನ್ನು ತೆರೆದೆ. ಹಳೆಯ ಪೇಜನ್ನು ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಪೋಸ್ಟುಗಳಿಂದ ಶುರು ಮಾಡುತ್ತಾರೆ. ನನ್ನನ್ನು ಕೇಳಿದರೆ ಮೊದಲು ಮೆಸೇಜುಗಳನ್ನೇ ಓದಬೇಕು. ಗಿರಾಕಿಗಳು ತಮ್ಮ ಮಾತಿನಲ್ಲೇ ಬರೆದದ್ದು ಅಲ್ಲಿ ಮಾತ್ರ ಇರುತ್ತದೆ. ಮುಖ್ಯ ಪಟ್ಟಿಯಲ್ಲಿ ಉತ್ತರ ಕೊಡದ ಮೆಸೇಜು 14 ಇದ್ದವು. ರಿಕ್ವೆಸ್ಟ್ ಅನ್ನುವ ಬೇರೆ ಜಾಗದಲ್ಲಿ ಇನ್ನೂ 27. ನಾವು ಫಾಲೋ ಮಾಡದವರು ಕಳಿಸಿದ್ದು ಹೆಚ್ಚಾಗಿ ಅಲ್ಲಿಗೆ ಹೋಗುತ್ತದೆ, ಅದನ್ನು ಯಾರೂ ತೆರೆದೇ ಇರಲಿಲ್ಲ. ಹೊಸ ಗಿರಾಕಿ ಅಂದರೆ ನಾವು ಫಾಲೋ ಮಾಡದವರೇ ಅಲ್ವಾ?

41 ಮೆಸೇಜನ್ನೂ ಒಂದು ನೋಟ್‌ಬುಕ್‌ನಲ್ಲಿ ತಾರೀಕಿನ ಸಮೇತ ಬರೆದೆ. 16 ಜನ ರೇಟು ಕೇಳಿದ್ದರು. 11 ಜನ ಬೆಂಗಳೂರಿಗೆ, ಮಂಗಳೂರಿಗೆ ಕಳಿಸ್ತೀರಾ ಅಂತ ಕೇಳಿದ್ದರು. 8 ಜನ "ಮತ್ತೆ ಯಾವಾಗ ಸಿಗುತ್ತದೆ" ಅಂದಿದ್ದರು. ಹಪ್ಪಳ ಪುಡಿಯಾಗಿ ಬಂತು ಅಂತ ಇಬ್ಬರದ್ದು ದೂರು. ಉಳಿದ ನಾಲ್ಕು ಕೆಲಸಕ್ಕೆ ಬಾರದವು. ಉತ್ತರ ಕೊಡದ ಮೊದಲ ಮೆಸೇಜಿನ ತಾರೀಕು ಏಪ್ರಿಲ್ 26. ಮದುವೆಗೂ ಮೊದಲು, ದೋಹಾಕ್ಕೆ ಹೋಗುವುದಕ್ಕೆ ಎಷ್ಟೋ ಮೊದಲು.

ಪೋಸ್ಟುಗಳ ತಾರೀಕನ್ನು ಅದರ ಪಕ್ಕದಲ್ಲಿ ಇಟ್ಟು ನೋಡಿದೆ. ಒಟ್ಟು 71 ಪೋಸ್ಟ್. ಏಪ್ರಿಲ್‌ನಲ್ಲಿ 22, ಮೇಯಲ್ಲಿ 11, ಜೂನ್‌ನಲ್ಲಿ ಮೂರು. ಏಪ್ರಿಲ್ ಕೊನೆಯಲ್ಲಿ ಏನಾಯಿತು ಅಂತ ಚಿಕ್ಕಮ್ಮನನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು, "ಹಪ್ಪಳ ಮುಗಿದಿತ್ತು ಮಾರಾಯ್ತಿ. ಕೇಳುವವರು ಜಾಸ್ತಿ ಆದರು, ಕೊಡ್ಲಿಕ್ಕೆ ಎಂತ ಇರ್ಲಿಲ್ಲ. ಇಲ್ಲ ಇಲ್ಲ ಅಂತ ಎಷ್ಟು ಜನರಿಗೆ ಹೇಳುವುದು? ಅವಳಿಗೆ ಅದನ್ನು ತೆರೆಯಲಿಕ್ಕೇ ಬೇಸರ."

ಪೂರ್ತಿ ಕಥೆ ಅಲ್ಲೇ ಇತ್ತು. ಮೊದಲು ಸ್ಟಾಕ್ ಮುಗಿಯಿತು. ಆಮೇಲೆ ಉತ್ತರ ನಿಂತಿತು. ಉತ್ತರ ಕೊಡದ ಮೆಸೇಜು ರಾಶಿ ಬಿದ್ದ ಮೇಲೆ ಆ್ಯಪ್ ತೆರೆಯುವುದಕ್ಕೇ ಮುಜುಗರ. ಪೋಸ್ಟ್ ನಿಂತದ್ದು ಎಲ್ಲಕ್ಕಿಂತ ಕೊನೆಗೆ. "ಪೋಸ್ಟ್ ಹಾಕಲು ಯಾರೂ ಇಲ್ಲ" ಅನ್ನುವುದೇ ಕಾರಣ ಅಂತ ನಂಬಿ ಇನ್ನೊಬ್ಬರನ್ನು ಕೂರಿಸಿದ್ದರೆ, ಈ ಏಪ್ರಿಲ್‌ನಲ್ಲೂ ಅದೇ ಆಗುತ್ತಿತ್ತು. ನಿಮ್ಮ ಪೇಜು ನಿಂತಿದ್ದರೆ ಉತ್ತರ ಸಿಗದ ಮೊದಲ ಮೆಸೇಜಿನ ತಾರೀಕು ಹುಡುಕಿ. ಆ ವಾರ ಅಂಗಡಿಯಲ್ಲಿ, ಮನೆಯಲ್ಲಿ ಏನು ನಡೆದಿತ್ತು ಅಂತ ನೆನಪು ಮಾಡಿಕೊಳ್ಳಿ.

ಇನ್ನು ಆ 71 ಪೋಸ್ಟುಗಳು. 22 ಹಬ್ಬದ ಶುಭಾಶಯ ಮತ್ತು ಶುಭೋದಯ. 20 ಪ್ಯಾಕೆಟ್‌ನ ಫೋಟೊ. 14 ಮನೆಯ ಪೂಜೆ, ನೆಂಟರು, ಮಕ್ಕಳು. ಕೆಲಸ ಮಾಡುವುದನ್ನು ತೋರಿಸಿದ್ದು 15 ಮಾತ್ರ. ಅತಿ ಹೆಚ್ಚು ಲೈಕ್ ಬಂದದ್ದು ಮೊಮ್ಮಗನ ಹುಟ್ಟುಹಬ್ಬದ ಫೋಟೊಕ್ಕೆ. ಲೈಕ್ ಕೊಟ್ಟವರೆಲ್ಲ ನಮ್ಮ ನೆಂಟರೇ. ಒಂದೊಂದು ಪೋಸ್ಟಿನ ಇನ್‌ಸೈಟ್ಸ್ ತೆರೆದು ಎಷ್ಟು ಜನ ಸೇವ್ ಮಾಡಿದ್ದಾರೆ, ಎಷ್ಟು ಜನ ಬೇರೆಯವರಿಗೆ ಕಳಿಸಿದ್ದಾರೆ ಅಂತ ನೋಡಿದರೆ ಬೇರೆ ಚಿತ್ರ. ಬೇಯಿಸಿದ ಹಲಸಿನ ಸೊಳೆಯನ್ನು ಗುದ್ದಿ, ಉಂಡೆ ಮಾಡಿ, ಒತ್ತಿ, ಅಂಗಳದ ಚಾಪೆಯಲ್ಲಿ ಒಣಗಿಸುವ 20 ಸೆಕೆಂಡಿನ ವೀಡಿಯೊಗಳೇ ಮುಂದೆ. ರೇಟು ಕೇಳಿದ ಮೆಸೇಜುಗಳೂ ಹೆಚ್ಚಾಗಿ ಆ ವೀಡಿಯೊ ಹಾಕಿದ ಎರಡು ಮೂರು ದಿನಗಳಲ್ಲೇ ಬಂದಿದ್ದವು. ಹಬ್ಬದ ಶುಭಾಶಯ ಹಾಕಿದ ದಿನ ಯಾರೂ ಹಪ್ಪಳ ಕೇಳಿರಲಿಲ್ಲ. ಶುಭಾಶಯ ಹೇಳುವುದು ತಪ್ಪಲ್ಲ. ಆದರೆ ಅದನ್ನು ಪೇಜಿನ ಕೆಲಸ ಅಂತ ಲೆಕ್ಕ ಹಿಡಿಯಬಾರದು.

ಹೊಸ ಪೇಜೇ ಮಾಡು ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಹಳೆಯ ಗಿರಾಕಿ ಹುಡುಕಿದಾಗ ಒಂದೇ ಹೆಸರಿನ ಎರಡು ಪೇಜು ಕಂಡರೆ ಯಾವುದನ್ನು ನಂಬುತ್ತಾರೆ? ಎರಡು ಸಾವಿರ ಹಾಕಿ ಬೂಸ್ಟ್ ಮಾಡು ಅಂದವರೂ ಇದ್ದರು. ದುಡ್ಡು ಕೊಟ್ಟು ಜನರನ್ನು ತಪ್ಪು ನಂಬರಿಗೆ ಕಳಿಸಿದ ಹಾಗೆ ಆಗುತ್ತಿತ್ತು. ಹಳೆಯ ರೇಟು ಬರೆದಿದ್ದ ಆರು ಪೋಸ್ಟುಗಳನ್ನು ಅಳಿಸದೆ ಆರ್ಕೈವ್ ಮಾಡಿದೆ. ಹಾಗೆ ಮಾಡಿದರೆ ಅದರ ಲೈಕ್, ಕಾಮೆಂಟ್ ಎಲ್ಲ ಉಳಿಯುತ್ತದೆ, ಹೊರಗಿನವರಿಗೆ ಮಾತ್ರ ಕಾಣುವುದಿಲ್ಲ. ಬೇಕಾದಾಗ ವಾಪಸ್ ತರಬಹುದು.

ಬಯೋ ಪೂರ್ತಿ ಇಂಗ್ಲಿಷ್‌ನಲ್ಲಿತ್ತು. ಕೇಳುವವರು ಬರೆದದ್ದು ಕನ್ನಡ ಮತ್ತು ಮಲಯಾಳದಲ್ಲಿ. 150 ಅಕ್ಷರದ ಮಿತಿಯೊಳಗೆ ಕನ್ನಡದಲ್ಲಿ ಒಂದು ಸಾಲು, ಮಲಯಾಳದಲ್ಲಿ ಒಂದು ಸಾಲು ಹಾಕಿದೆವು. ಕೆಳಗೆ ವಾಟ್ಸಾಪ್‌ನ ಲಿಂಕ್. ಅದರಲ್ಲಿ ನಂಬರಿನ ಮುಂದೆ ಪ್ಲಸ್ ಗುರುತಾಗಲಿ ಸೊನ್ನೆಯಾಗಲಿ ಇರಬಾರದು, ಇದ್ದರೆ ಲಿಂಕ್ ಸರಿಯಾಗಿ ತೆರೆಯದೆ ಇರಬಹುದು. ಹೀಗೆ ಇರಬೇಕು:

```
https://wa.me/91XXXXXXXXXX
```

ಪೇಜಿನ ಮೇಲ್ಗಡೆ ಮೂರು ಪೋಸ್ಟ್ ಪಿನ್ ಮಾಡಬಹುದು. ಆ ಮೂರನ್ನು ಮೆಸೇಜುಗಳೇ ತೀರ್ಮಾನಿಸಿದವು: ರೇಟು, ಎಲ್ಲಿಗೆ ಹೇಗೆ ಕಳಿಸುತ್ತೇವೆ, ಯಾವ ತಿಂಗಳಲ್ಲಿ ಏನು ಸಿಗುತ್ತದೆ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ವಿಕ್ ರಿಪ್ಲೈ ಅಂತ ಇದೆ. ಇದೇ ಮೂರು ಉತ್ತರಗಳನ್ನು ಅಲ್ಲೂ ಬರೆದಿಟ್ಟೆವು. ಈಗ ಚಿಕ್ಕಮ್ಮ / ಅನ್ನುವ ಓರೆ ಗೆರೆ ಒತ್ತಿ, ಉತ್ತರ ಆರಿಸಿ ಕಳಿಸುತ್ತಾರೆ.

ಹೊಸ ಪೋಸ್ಟ್ ಹಾಕುವ ಮೊದಲು 37 ಜನರಿಗೂ ಉತ್ತರ ಬರೆದೆವು. "ತಡವಾಯಿತು, ಕ್ಷಮಿಸಿ. ಈ ವರ್ಷದ ಹಪ್ಪಳ ಮಾರ್ಚ್ ಮಧ್ಯದಲ್ಲಿ ಸಿಗುತ್ತದೆ" ಅಂತ ಅಷ್ಟೇ. ಪುಡಿಯಾದ ಹಪ್ಪಳ ಸಿಕ್ಕಿದ ಇಬ್ಬರಿಗೂ ಒಂದೊಂದು ಕಟ್ಟು ಕಳಿಸುತ್ತೇವೆ ಅಂದೆವು. 12 ಜನ ತಿರುಗಿ ಬರೆದರು. ಐದು ಜನ ಆರ್ಡರ್ ಕೊಟ್ಟರು, ಅದರಲ್ಲಿ ಪುಡಿ ಹಪ್ಪಳದವರು ಒಬ್ಬರು.

ಪ್ಲಾನ್ ಮಾಡುವಾಗ ನಾನು ಶುರು ಮಾಡಿದ್ದು ಚಾಪೆಯಿಂದ. ಚಿಕ್ಕಮ್ಮ ಮತ್ತು ನೆರೆಯ ಇಬ್ಬರು ಸೇರಿದರೆ ದಿನಕ್ಕೆ ಸುಮಾರು 250 ಹಪ್ಪಳ. 25ರ ಕಟ್ಟು ಅಂದರೆ 10 ಕಟ್ಟು. ಮಾರ್ಚ್‌ನಿಂದ ಮೇವರೆಗೆ ಗಟ್ಟಿ ಬಿಸಿಲು, ಬಲಿತ ಹಲಸಿನಕಾಯಿ, ಕೈಗೆ ಬಿಡುವು ಮೂರೂ ಕೂಡಿ ಬರುವ ದಿನ 40 ಅಂತ ಹಿಡಿದೆವು. ಒಟ್ಟು 400 ಕಟ್ಟು. ಅರ್ಧ ಮನೆಗೆ, ನೆಂಟರಿಗೆ, ಖಾಯಂ ಅಂಗಡಿಗೆ ಹೋಗುತ್ತದೆ. ಪೇಜಿನಿಂದ ಮಾರಲು ಉಳಿಯುವುದು 200. ಒಬ್ಬರು ಸರಾಸರಿ ನಾಲ್ಕು ಕಟ್ಟು ತೆಗೆದುಕೊಂಡರೆ 50 ಆರ್ಡರ್. ಇಡೀ ವರ್ಷಕ್ಕೆ 50! ಇದಕ್ಕೆ ಹತ್ತು ಸಾವಿರ ಫಾಲೋವರ್ಸ್ ಯಾಕೆ, ದಿನಕ್ಕೊಂದು ಪೋಸ್ಟ್ ಯಾಕೆ? ಹಿಂದಿನ ವರ್ಷ ಏಪ್ರಿಲ್‌ನಲ್ಲಿ 22 ಪೋಸ್ಟ್ ಹಾಕಿ, ಇಲ್ಲದ ಹಪ್ಪಳಕ್ಕೆ ಗಿರಾಕಿಗಳನ್ನು ಕರೆದದ್ದೇ ಕಷ್ಟಕ್ಕೆ ಕಾರಣ ಆಗಿತ್ತು.

ಹಾಗಾಗಿ ಹಪ್ಪಳದ ಕಾಲದಲ್ಲಿ ವಾರಕ್ಕೆ ಎರಡು, ಮಳೆಗಾಲದಲ್ಲಿ ವಾರಕ್ಕೆ ಒಂದು. ಚಿಕ್ಕಮ್ಮನ ಕೆಲಸ ಊಟದ ನಂತರ 20 ನಿಮಿಷ ಉತ್ತರ ಬರೆಯುವುದು, ಒಣಗಿಸುವ ದಿನಗಳಲ್ಲಿ ಒಂದೆರಡು ಸಣ್ಣ ವೀಡಿಯೊ ತೆಗೆದಿಡುವುದು. ನಾನು ಭಾನುವಾರ ನಾನಿರುವ ಉಪ್ಪಳದಿಂದಲೇ ಒಂದು ಗಂಟೆ ಕೂತು ಶೆಡ್ಯೂಲ್ ಮಾಡುತ್ತೇನೆ. ಇನ್‌ಸ್ಟಾಗ್ರಾಂ 75 ದಿನ ಮುಂದಿನವರೆಗೆ ಶೆಡ್ಯೂಲ್ ಮಾಡಲು ಬಿಡುತ್ತದೆ. ಮೇ ಕೊನೆಗೆ ಒಂದು ಸಲ ಕೂತರೆ ಆಟಿ ತಿಂಗಳ ಹೆಚ್ಚಿನ ಭಾಗ ಕಳೆಯುತ್ತದೆ. ಮಳೆಗೆ ಹಪ್ಪಳ ಒಣಗುವುದಿಲ್ಲ, ಆದರೆ ಉಪ್ಪು ಸೊಳೆಯ ರೊಟ್ಟಿ ಆಗುತ್ತದಲ್ಲ, ಅದನ್ನೂ ತೋರಿಸಬಹುದು.

ಮೊದಲ ಮೂರು ಪೋಸ್ಟ್ ತಲುಪಿದ್ದು 38, 45, 61 ಜನರಿಗೆ. ಚಿಕ್ಕಮ್ಮನಿಗೆ ನಿರಾಸೆಯಾಯಿತು. ಎಂಟು ತಿಂಗಳು ನಮ್ಮನ್ನು ನೋಡದವರು ಒಂದೇ ದಿನದಲ್ಲಿ ವಾಪಸ್ ಬರುವುದಿಲ್ಲ, ಎಂಟು ವಾರ ಆ ಸಂಖ್ಯೆ ನೋಡುವುದೇ ಬೇಡ ಅಂದೆ. ನೋಟ್‌ಬುಕ್‌ನಲ್ಲಿ ಎರಡೇ ಲೆಕ್ಕ ಬರೆಯುತ್ತೇವೆ: ಈ ವಾರ ಕೇಳಿದವರು ಎಷ್ಟು, ತೆಗೆದುಕೊಂಡವರು ಎಷ್ಟು. ಕೇಳುವವರು ಜಾಸ್ತಿಯಾಗಿ ತೆಗೆದುಕೊಳ್ಳುವವರು ಕಡಿಮೆಯಾದರೆ ರೇಟು ಅಥವಾ ಕಳಿಸುವ ಖರ್ಚಿನಲ್ಲಿ ತೊಂದರೆ ಇದೆ ಅಂತ ಅರ್ಥ. ನಾಲ್ಕನೇ ವಾರ ಹಾಗೇ ಆಯಿತು. ಬೆಂಗಳೂರಿಗೆ ಎರಡು ಕಟ್ಟು ಕಳಿಸುವ ಖರ್ಚು ಕೇಳಿ ಏಳು ಜನ ಸುಮ್ಮನಾದರು. ಆರು ಕಟ್ಟು ಒಟ್ಟಿಗೆ ತೆಗೆದುಕೊಂಡರೆ ಒಂದು ಕಟ್ಟಿಗೆ ಎಷ್ಟು ಬೀಳುತ್ತದೆ ಅಂತ ಪಿನ್ ಮಾಡಿದ ಪೋಸ್ಟಿನಲ್ಲಿ ಬರೆದೆವು. ಅವರಲ್ಲಿ ಮೂವರು ಅಕ್ಕಪಕ್ಕದವರ ಜೊತೆ ಸೇರಿ ತರಿಸಿಕೊಂಡರು.

ಈಗ ಏಪ್ರಿಲ್ ಕೊನೆ. ಹತ್ತು ವಾರದಲ್ಲಿ 27 ಆರ್ಡರ್, 112 ಕಟ್ಟು ಹೋಗಿದೆ. ಉತ್ತರ ಕೊಡದ ಮೆಸೇಜು ಒಂದೂ ಇಲ್ಲ. ನಿನ್ನೆ ಸಂಜೆ ಚಿಕ್ಕಮ್ಮ ಫೋನ್ ಮಾಡಿ, "ಪೇಜಿಗೆ ಇಟ್ಟದ್ದರಲ್ಲಿ ಇನ್ನು 88 ಕಟ್ಟು ಉಂಟು. ಮುಗಿಯಿತು ಅಂತ ಹಾಕುವ ಪೋಸ್ಟನ್ನು ಈಗಲೇ ಬರೆದಿಡು" ಅಂದರು. ಬರೆದಿಟ್ಟಿದ್ದೇನೆ: "ಈ ವರ್ಷದ ಹಲಸಿನ ಹಪ್ಪಳ ಮುಗಿಯಿತು. ಇನ್ನು ಮುಂದಿನ ಮಾರ್ಚ್‌ಗೆ. ಈಗಲೇ ಹೆಸರು ಬರೆಸುವವರು ಮೆಸೇಜ್ ಮಾಡಿ."